ಪಾಕವಿಧಾನ ಹಾಗೂ ಕರಕುಶಲ ಪಾಠಗಳಲ್ಲಿ ಹಂತವಾರು ನಿರ್ಗಮನದ ಗಣನೆ

ಹಂತವಾರು ನಿರ್ಗಮನದ ಗಣನೆ ಎಂದರೆ ಅಂತರಜಾಲದಲ್ಲಿರುವ ಪಾಕವಿಧಾನ ಅಥವಾ ಕರಕುಶಲ ಪಾಠವನ್ನು ಅನುಸರಿಸುವವರು ಯಾವ ಹಂತದಿಂದ ಮುಂದಿನ ಹಂತಕ್ಕೆ ದಾಟುವಾಗ ಅದನ್ನು ಕೈಬಿಡುತ್ತಾರೆ ಎಂಬುದನ್ನು ಎಣಿಸಿ, ಅದರ ಆಧಾರದ ಮೇಲೆ ಹಂತಗಳ ಕ್ರಮವನ್ನು ಬದಲಿಸುವ ಅಥವಾ ಅವುಗಳನ್ನು ಮೊಟಕುಗೊಳಿಸುವ ವಿಧಾನ. ಓದುಗರು ಎಲ್ಲಿ ನಿಂತರು ಎಂಬುದನ್ನಷ್ಟೇ ಎಣಿಕೆ ತಿಳಿಸುತ್ತದೆ. ಏಕೆ ನಿಂತರು ಎಂಬುದನ್ನು ಆ ಕೆಲಸವನ್ನು ಬಲ್ಲವರು ಪಾಠವನ್ನು ಓದಿಯೇ ಕಂಡುಕೊಳ್ಳಬೇಕು.

## ಎಣಿಕೆಯ ಕ್ರಮ

ಪ್ರತಿ ಹಂತಕ್ಕೂ ಒಂದೊಂದು ಪುಟವಿದ್ದು, ‘ಮುಂದೆ’ ಎಂಬ ಗುಂಡಿಯನ್ನು ಒತ್ತಿ ಸಾಗುವ ಪಾಠಗಳಲ್ಲಿ ಎಣಿಕೆ ಸುಲಭ. ಪುಟ ತೆರೆದ ಕ್ಷಣದಲ್ಲಿ ಹಂತದ ಸಂಖ್ಯೆಯೂ ಸಮಯವೂ ದಾಖಲಾಗುತ್ತವೆ. ಒಂದೇ ಉದ್ದನೆಯ ಪುಟವಾದರೆ ಆಯಾ ಹಂತದ ಶೀರ್ಷಿಕೆ ಪರದೆಯ ಮೇಲೆ ಕಾಣಿಸಿಕೊಂಡದ್ದನ್ನು ದಾಖಲಿಸುತ್ತಾರೆ. ಯೂಟ್ಯೂಬ್ ವೀಡಿಯೊಗಳಲ್ಲಿ ವೀಕ್ಷಕರ ಉಳಿಕೆಯನ್ನು ತೋರಿಸುವ ರೇಖೆಯನ್ನು ಹಂತಗಳ ಆರಂಭದ ಸಮಯಗಳೊಡನೆ ಹೋಲಿಸಿ ನೋಡಬಹುದು. ರೇಖೆ ಇಳಿದಲ್ಲಿ ಜನರು ಬಿಟ್ಟುಹೋಗಿರುತ್ತಾರೆ ಅಥವಾ ಆ ಭಾಗವನ್ನು ಹಾರಿಸಿರುತ್ತಾರೆ; ಏರಿದಲ್ಲಿ ಬಹುಪಾಲು ಮತ್ತೆ ಹಿಂದಕ್ಕೆ ಹೋಗಿ ನೋಡಿರುತ್ತಾರೆ.

ನಿರ್ಗಮನದ ಪ್ರಮಾಣವನ್ನು ಪಾಠ ತೆರೆದವರ ಒಟ್ಟು ಸಂಖ್ಯೆಯಿಂದಲ್ಲ, ಹಿಂದಿನ ಹಂತವನ್ನು ತಲುಪಿದವರ ಸಂಖ್ಯೆಯಿಂದ ಲೆಕ್ಕಹಾಕಬೇಕು. ಇಲ್ಲವಾದರೆ ಕೊನೆಯ ಹಂತಗಳ ತೊಡಕುಗಳು ಚಿಕ್ಕವಾಗಿಯೇ ಕಾಣುತ್ತವೆ.

## ಮೈಸೂರುಪಾಕಿನ ನಿದರ್ಶನ

ಏಳು ಹಂತಗಳ ಮೈಸೂರುಪಾಕಿನ ಪಾಠವೊಂದನ್ನು ಕಲ್ಪಿಸಿಕೊಳ್ಳೋಣ: ಸಾಮಗ್ರಿಗಳ ಪಟ್ಟಿ, ಕಡಲೆಹಿಟ್ಟನ್ನು ಜರಡಿ ಹಿಡಿದು ಹುರಿಯುವುದು, ಸಕ್ಕರೆಯ ಒಂದೆಳೆ ಪಾಕ, ಪಾಕಕ್ಕೆ ಹಿಟ್ಟನ್ನು ಉದುರಿಸಿ ಕಲಕುವುದು, ಕಾಯಿಸಿದ ತುಪ್ಪವನ್ನು ಸೌಟು ಸೌಟಾಗಿ ಹಾಕುವುದು, ತಟ್ಟೆಗೆ ತುಪ್ಪ ಸವರಿ ಸುರಿಯುವುದು, ಬಿಸಿ ಆರುವ ಮುನ್ನ ಬಿಲ್ಲೆಗಳಾಗಿ ಕತ್ತರಿಸುವುದು. 1,000 ಮಂದಿ ಪಾಠವನ್ನು ತೆರೆದು, 700 ಮಂದಿ ಎರಡನೆಯ ಹಂತಕ್ಕೂ 600 ಮಂದಿ ನಾಲ್ಕನೆಯ ಹಂತಕ್ಕೂ 330 ಮಂದಿ ಐದನೆಯ ಹಂತಕ್ಕೂ ಬಂದರೆನ್ನೋಣ.

ಮೊದಲ ಹಂತದಲ್ಲಿ ಹೋದ 300 ಮಂದಿಯ ಬಗ್ಗೆ ಹೆಚ್ಚು ಚಿಂತಿಸಬೇಕಿಲ್ಲ. ತುಪ್ಪದ ಅಳತೆ ನೋಡಿ ಹಿಂದೆ ಸರಿದವರು, ಪಟ್ಟಿಯನ್ನಷ್ಟೇ ನೋಡಲು ಬಂದವರು ಅವರಲ್ಲಿರುತ್ತಾರೆ. ಆದರೆ ನಾಲ್ಕರಿಂದ ಐದಕ್ಕೆ ದಾಟುವಾಗ 600ರಲ್ಲಿ 270, ಅಂದರೆ ನೂರಕ್ಕೆ 45 ಮಂದಿ ಹೋಗಿದ್ದಾರೆ. ನಾಲ್ಕನೆಯ ಹಂತದಲ್ಲಿ ಒಂದು ಕೈ ಹಿಟ್ಟು ಉದುರಿಸುತ್ತಿರುತ್ತದೆ, ಇನ್ನೊಂದು ಕೈ ನಿಲ್ಲದೆ ಕಲಕುತ್ತಿರುತ್ತದೆ. ಗುಂಡಿ ಒತ್ತಲು ಮೂರನೆಯ ಕೈಯೆಲ್ಲಿದೆ! ಅಲ್ಲಿಂದ ಹೇಗೋ ಮುಂದೆ ಹೋದವರಿಗೆ ‘ಇನ್ನೊಂದು ಒಲೆಯಲ್ಲಿ ತುಪ್ಪವನ್ನು ಕಾಯಿಸಿಟ್ಟುಕೊಳ್ಳಿ’ ಎಂಬ ಸೂಚನೆ ಎದುರಾಗುತ್ತದೆ. ತುಪ್ಪ ಕಾಯುವಷ್ಟರಲ್ಲಿ ಬಾಣಲೆಯಲ್ಲಿರುವುದು ಗಟ್ಟಿಯಾಗುತ್ತದೆ. ಆರನೆಯ ಹಂತದಲ್ಲಿ ತಟ್ಟೆ ಹುಡುಕುವುದೂ ಇದೇ ಬಗೆಯ ತಪ್ಪು.

ಪರಿಹಾರವೆಂದರೆ ತುಪ್ಪ ಕಾಯಿಸುವುದನ್ನೂ ತಟ್ಟೆಗೆ ತುಪ್ಪ ಸವರುವುದನ್ನೂ ಪಾಕಕ್ಕಿಂತ ಮೊದಲಿಗೆ ತರುವುದು, ತುಪ್ಪವನ್ನು ಸಣ್ಣ ಉರಿಯಲ್ಲಿ ಬಿಸಿಯಾಗಿಯೇ ಇರಿಸಲು ಹೇಳುವುದು, ಎಡೆಬಿಡದೆ ನಡೆಯಬೇಕಾದ ನಾಲ್ಕು ಮತ್ತು ಐದನೆಯ ಹಂತಗಳನ್ನು ಒಂದೇ ಪರದೆಯಲ್ಲಿ ಕೂಡಿಸುವುದು. ಮೂರನೆಯ ಹಂತದಲ್ಲಿ ಪಾಕದ ಎಲ್ಲ ಬಗೆಗಳ ವಿವರಣೆಯಿದ್ದರೆ ಅದನ್ನು ತೆಗೆದು, ಬೆರಳುಗಳ ನಡುವೆ ಒಂದೆಳೆ ನಿಲ್ಲುವ ಪರೀಕ್ಷೆಯನ್ನು ಮಾತ್ರ ಉಳಿಸಬಹುದು. ಹಿಟ್ಟಿಗೆ ಮೊದಲು ಪಾಕವೆಂಬ ಕ್ರಮವನ್ನು ಮಾತ್ರ ಯಾವ ಅಂಕಿಯೂ ಬದಲಿಸಲಾರದು.

ಹಂತಗಳನ್ನು ಕೂಡಿಸಿದ ಮೇಲೆ ಆ ಗಡಿಯೇ ಇಲ್ಲವಾಗುವುದರಿಂದ ಅಲ್ಲಿನ ನಿರ್ಗಮನ ಶೂನ್ಯವಾದದ್ದು ಯಶಸ್ಸಲ್ಲ. ಪಾಕದ ಹಂತ ತಲುಪಿದವರಲ್ಲಿ ಎಷ್ಟು ಮಂದಿ ಕತ್ತರಿಸುವ ಹಂತಕ್ಕೆ ಬಂದರು ಎಂಬುದನ್ನು ಹಳೆಯ ಮತ್ತು ಹೊಸ ಕ್ರಮಗಳಲ್ಲಿ ಹೋಲಿಸಬೇಕು. ದೀಪಾವಳಿಯ ವಾರವನ್ನು ಸಾಮಾನ್ಯ ವಾರದೊಡನೆ ಹೋಲಿಸಬಾರದು. ಹಬ್ಬದಲ್ಲಿ ಬರುವವರು ಮಾಡಿಯೇ ತೀರಬೇಕೆಂದು ಬಂದವರು.

## ಕಾಯುವಿಕೆ ಮತ್ತು ನಿರ್ಗಮನ

ಗೂಗಲ್ ಅನಾಲಿಟಿಕ್ಸ್ ವ್ಯವಸ್ಥೆಯಲ್ಲಿ, ಬೇರೆ ಸೂಚನೆ ನೀಡದಿದ್ದರೆ, 30 ನಿಮಿಷ ಚಟುವಟಿಕೆಯಿಲ್ಲದ ಭೇಟಿ ಮುಗಿದಂತೆ ಲೆಕ್ಕ. ದೋಸೆಯ ಪಾಠದಲ್ಲಿ ಅಕ್ಕಿ, ಉದ್ದು ನೆನೆಯಲು ಕೆಲವು ಗಂಟೆಗಳು, ಹಿಟ್ಟು ಹುದುಗಲು ಒಂದು ರಾತ್ರಿ ಬೇಕು. ಆದ್ದರಿಂದ ಸೂಚನೆಯನ್ನು ಶ್ರದ್ಧೆಯಿಂದ ಪಾಲಿಸಿದವರೇ ಬಿಟ್ಟುಹೋದವರ ಪಟ್ಟಿಗೆ ಸೇರುತ್ತಾರೆ. ಮರುದಿನ ಅದೇ ಸಾಧನದಿಂದ ಮರಳಿ ಬಂದವರನ್ನು ಪ್ರತ್ಯೇಕವಾಗಿ ಎಣಿಸಿದರೆ ಇದು ಸರಿಹೋಗುತ್ತದೆ. ಮರಳದವರೇ ಹೆಚ್ಚಾಗಿದ್ದರೆ ನೆನೆಸುವ ವಿಷಯ ತಡವಾಗಿ ತಿಳಿಯಿತೆಂದು ಶಂಕಿಸಬಹುದು; ಆಗ ಕಾಯುವ ಅವಧಿಯನ್ನು ಸಾಮಗ್ರಿಗಳ ಪಟ್ಟಿಗಿಂತಲೂ ಮೇಲೆ ಬರೆಯಬೇಕು.

## ಮಿತಿಗಳು

ಕೆಲವೇ ಕ್ಷಣಗಳಲ್ಲಿ ಎಲ್ಲ ಪುಟಗಳನ್ನೂ ತಿರುವಿಹಾಕುವವರು ಅಡುಗೆ ಮಾಡುತ್ತಿಲ್ಲ. ಅವರನ್ನು ಬೇರ್ಪಡಿಸದಿದ್ದರೆ ಎಣಿಕೆ ದಾರಿ ತಪ್ಪಿಸುತ್ತದೆ. ಒರಿಗಾಮಿಯಂತಹ ಕಲೆಗಳಲ್ಲಿ ಕ್ರಮ ಬದಲಿಸಲು ಅವಕಾಶ ಬಹಳ ಕಡಿಮೆ, ಏಕೆಂದರೆ ಪ್ರತಿ ಮಡಿಕೆಯೂ ಹಿಂದಿನ ಮಡಿಕೆಯ ಗೆರೆಯನ್ನು ಅವಲಂಬಿಸಿರುತ್ತದೆ. ಕಾಗದದ ಕೊಕ್ಕರೆಯಲ್ಲಿ ಚೌಕವನ್ನು ಎಳೆದು ಉದ್ದನೆಯ ವಜ್ರಾಕೃತಿ ಮಾಡುವ ಮಡಿಕೆಯ ಬಳಿ ಜನರು ನಿಂತರೆ ಪಾಠವನ್ನು ಮೊಟಕುಗೊಳಿಸುವುದರಿಂದ ತೊಡಕು ಹೆಚ್ಚುತ್ತದೆ. ಅಲ್ಲಿ ಬೇಕಾದದ್ದು ಅರ್ಧ ತೆರೆದ ಸ್ಥಿತಿಯ ಇನ್ನೊಂದು ಚಿತ್ರ.