ಆರು ಸಂಖ್ಯೆಗಳ ಆಚೆಗಿನ ಧರ್ಮ

2011ರ ಜನಗಣತಿ ನಮೂನೆಯಲ್ಲಿ ಧರ್ಮದ ಅಂಕಣಕ್ಕೆ ಆರು ಸಂಕೇತ ಸಂಖ್ಯೆಗಳಿದ್ದವು. ಹಿಂದೂ 1, ಮುಸ್ಲಿಂ 2, ಕ್ರೈಸ್ತ 3, ಸಿಖ್ 4, ಬೌದ್ಧ 5, ಜೈನ 6. ಬೇರೆ ಹೆಸರು ಹೇಳಿದವರಿಗೆ ಸಂಖ್ಯೆ ಇರಲಿಲ್ಲ. ಗಣತಿದಾರರು ಆ ಹೆಸರನ್ನೇ ಪೂರ್ತಿಯಾಗಿ ಬರೆದುಕೊಳ್ಳಬೇಕಿತ್ತು. ಹಾಗೆ 49.57 ಲಕ್ಷ ಜನ ಬರೆಸಿದ ಹೆಸರು ‘ಸರ್ನಾ’. ಆ ಗಣತಿಯಲ್ಲಿ ಜೈನರು 44.51 ಲಕ್ಷ. ಜೈನರಿಗಿಂತ ಹೆಚ್ಚಿದ್ದರೂ ಸರ್ನಾದವರು ಪ್ರಕಟಿತ ಕೋಷ್ಟಕದಲ್ಲಿ ‘ಇತರೆ’ ಎಂಬ ಸಾಲಿಗೆ ಸೇರಿದರು.

ಸರ್ನಾ ಎಂದರೆ ಛೋಟಾನಾಗಪುರದ ಆದಿವಾಸಿ ಊರುಗಳಲ್ಲಿ ಉಳಿಸಿಕೊಂಡು ಬಂದ ಸಾಲ್ ಮರಗಳ ತೋಪು. ಕೊಡಗಿನ ದೇವರಕಾಡು ಕಂಡವರಿಗೆ ಅದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಸಾಲ್ ಮರ ಹೂಬಿಟ್ಟಾಗ ಸರ್ಹುಲ್ ಹಬ್ಬ. ಪಾಹನ್ ಎಂಬ ಊರ ಪೂಜಾರಿ ಅಲ್ಲಿ ಪೂಜೆ ಸಲ್ಲಿಸುತ್ತಾನೆ. ಪೂಜಿಸುವ ಜಾಗದ ಹೆಸರು ಒಂದು ಧರ್ಮದ ಹೆಸರಾಗಿ ಬೆಳೆದದ್ದರಲ್ಲಿ ಜನಗಣತಿಯ ಪಾತ್ರ ದೊಡ್ಡದು. ‘ನಿಮ್ಮ ಧರ್ಮ ಯಾವುದು’ ಎಂದು ಹತ್ತು ವರ್ಷಕ್ಕೊಮ್ಮೆ ಕೇಳುತ್ತಿದ್ದರೆ, ಒಂದೇ ಮಾತಿನ ಉತ್ತರ ಹುಡುಕಿಕೊಳ್ಳಲೇಬೇಕಾಗುತ್ತದೆ.

ಮೊದಮೊದಲು ಆ ಉತ್ತರವನ್ನು ಅಧಿಕಾರಿಗಳೇ ಕೊಡುತ್ತಿದ್ದರು. ದೇಶದಾದ್ಯಂತ ಏಕಕಾಲಕ್ಕೆ ಗಣತಿ ನಡೆದದ್ದು 1881ರಲ್ಲಿ. ಆಗ ಪಂಜಾಬಿನ ಗಣತಿಯ ಹೊಣೆ ಹೊತ್ತಿದ್ದ ಡೆನ್ಜಿಲ್ ಇಬೆಟ್ಸನ್ ತಮ್ಮ ವರದಿಯಲ್ಲಿ ನಿಯಮವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ತನ್ನ ಮತ ಇಂಥದ್ದೆಂದು ಹೇಳಲಾಗದ ಅಥವಾ ಮನ್ನಣೆ ಪಡೆದ ಧರ್ಮಗಳಲ್ಲಿ ಯಾವುದನ್ನೂ ಹೆಸರಿಸದ ದೇಶೀಯನನ್ನು ಹಿಂದೂ ಎಂದು ಎಣಿಸಲಾಯಿತು. ಉಳಿದವರನ್ನೆಲ್ಲ ಹಾಕುವ ಕಣಜವಾಗಿ ಒಂದು ಧರ್ಮದ ಹೆಸರು ಬಳಕೆಯಾಯಿತು. ಕಾಡು-ಗುಡ್ಡದ ಜನರಿಗೆ ಬೇರೆ ಅಂಕಣವಿದ್ದರೂ ಅದರ ಹೆಸರು ನಿಲ್ಲಲಿಲ್ಲ. ‘ಮೂಲನಿವಾಸಿ’ ಹೋಗಿ ‘ಸರ್ವಚೇತನವಾದಿ’ ಎಂಬರ್ಥದ ಆನಿಮಿಸ್ಟ್ ಬಂತು, 1931ರಲ್ಲಿ ‘ಬುಡಕಟ್ಟು ಧರ್ಮಗಳು’ ಎಂದಾಯಿತು. ಇವುಗಳಲ್ಲಿ ಒಂದೂ ಆ ಜನ ತಮ್ಮನ್ನು ಕರೆದುಕೊಂಡ ಹೆಸರಲ್ಲ.

ಎಣಿಕೆಗೆ ರಾಜಕೀಯ ಬೆಲೆ ಬಂದ ಮೇಲೆ ಜಗಳ ತಾರಕಕ್ಕೇರಿತು. 1906ರಲ್ಲಿ ಆಗಾ ಖಾನ್ ನೇತೃತ್ವದ ಮುಸ್ಲಿಂ ನಿಯೋಗ ಶಿಮ್ಲಾದಲ್ಲಿ ವೈಸರಾಯ್‌ಗೆ ಸಲ್ಲಿಸಿದ ಮನವಿಯಲ್ಲಿ 1901ರ ಗಣತಿಯ ಅಂಕಿಗಳಿದ್ದವು. 1909ರಲ್ಲಿ ಪ್ರತ್ಯೇಕ ಮತಕ್ಷೇತ್ರ ಬಂತು. ಮರುವರ್ಷ ಗಣತಿ ಆಯುಕ್ತ ಎಡ್ವರ್ಡ್ ಗೇಟ್ ಹಿಂದೂ ಎಂದು ಎಣಿಸಲಾಗುತ್ತಿದ್ದ ಜಾತಿಗಳನ್ನು ಪರೀಕ್ಷಿಸಲು ಒರೆಗಲ್ಲುಗಳ ಪಟ್ಟಿಯೊಂದನ್ನು ಹೊರಡಿಸಿದರು. ವೇದದ ಪ್ರಾಮಾಣ್ಯ ಒಪ್ಪುತ್ತಾರೆಯೇ, ಬ್ರಾಹ್ಮಣ ಪುರೋಹಿತರಿದ್ದಾರೆಯೇ, ಗುಡಿಯೊಳಗೆ ಪ್ರವೇಶವಿದೆಯೇ, ಗೋಮಾಂಸ ತಿನ್ನುತ್ತಾರೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಹಿಂದೂ ಮುಖಂಡರು ಕೆರಳಿದರು. ಗುಡಿಯ ಹೊರಗೆ ನಿಲ್ಲಿಸಿದವರನ್ನು ಲೆಕ್ಕದೊಳಗೆ ಉಳಿಸಿಕೊಳ್ಳಬೇಕೆಂಬ ಆತಂಕ ಹುಟ್ಟಿದ್ದು ಇಂಥ ಕೋಷ್ಟಕಗಳ ಮುಂದೆ ಎಂಬುದನ್ನು ಮರೆಯಬಾರದು. ಅತ್ತ ಪಂಜಾಬಿನಲ್ಲಿ ಮಂಗೂ ರಾಮ್ ಅವರ ನೇತೃತ್ವದ ದಲಿತ ಚಳವಳಿ ಅದೇ ಅಂಕಣವನ್ನು ತನ್ನದಾಗಿಸಿಕೊಂಡಿತು. 1931ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ‘ಆದ್ ಧರ್ಮ್’ ಎಂದು ಬರೆಸಿದರು.

ವರ್ಗೀಕರಣ ಬದಲಾದರೆ ಏನಾಗುತ್ತದೆ ಎಂಬುದಕ್ಕೆ 1941ಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. 1931ರಲ್ಲಿ ಬುಡಕಟ್ಟು ಧರ್ಮದವರೆಂದು ಎಣಿಸಲಾದವರು 80 ಲಕ್ಷದ ಆಸುಪಾಸು. ಹತ್ತೇ ವರ್ಷದಲ್ಲಿ ಬುಡಕಟ್ಟಿನವರ ಅಂಕಿ ಸುಮಾರು 2.54 ಕೋಟಿಗೆ ಏರಿತು. ಮಕ್ಕಳು ಹಾಗೆ ಹುಟ್ಟಲಿಲ್ಲ, ಅಷ್ಟು ಜನ ಮತಾಂತರವೂ ಆಗಲಿಲ್ಲ. ಈ ಬಾರಿ ಎಣಿಸಿದ್ದು ಧರ್ಮವನ್ನಲ್ಲ, ಬುಡಕಟ್ಟಿನ ಮೂಲವನ್ನು. ಹುಟ್ಟು-ಸಾವು-ವಲಸೆಗಳಿಂದ ವಿವರಿಸಲಾಗದ ನೆಗೆತ ಕಂಡರೆ ಮೊದಲು ಸಂಶಯಪಡಬೇಕಾದ್ದು ಪ್ರಶ್ನೆಯನ್ನು.

ಎಣಿಕೆಯನ್ನೇ ಪ್ರಶ್ನಿಸುವ ಈ ದಾರಿಗೆ ವಿದ್ವಾಂಸರು ಬಂದದ್ದು ತಡವಾಗಿ. ಬರ್ನಾರ್ಡ್ ಕೋನ್, ಗಣತಿಯೇ ಭಾರತೀಯರಿಗೆ ತಮ್ಮ ಸಮಾಜವನ್ನು ಹೊರಗೆ ನಿಂತು ನೋಡುವ ವಸ್ತುವಾಗಿಸಿತು ಎಂದು ವಾದಿಸಿದರು. ಗಡಿಗಳು ಮಸುಕಾಗಿದ್ದ ಸಮುದಾಯಗಳು ಎಣಿಸಲ್ಪಟ್ಟ ಸಮುದಾಯಗಳಾದವು ಎಂದರು ಸುದೀಪ್ತ ಕವಿರಾಜ್. ಇದಕ್ಕೆ ತಡೆ ಹಾಕಿದವರು ನಾರ್ಬರ್ಟ್ ಪೀಬಡಿ. 17ನೇ ಶತಮಾನದ ಮಾರವಾಡದಲ್ಲಿ ಅಲ್ಲಿನ ಅಧಿಕಾರಿ ಮುಂಹತಾ ನೈಣಸಿ ಮನೆಗಳನ್ನು ಜಾತಿವಾರು ಎಣಿಸಿದ್ದನ್ನು ಅವರು ತೋರಿಸಿದರು. ಎಣಿಕೆ ಬ್ರಿಟಿಷರಿಂದಲೇ ಶುರುವಾಗಲಿಲ್ಲ ಎಂಬ ಅವರ ಮಾತು ಸರಿ. ಆದರೆ ಇಡೀ ದೇಶಕ್ಕೆ ಒಂದೇ ಪಟ್ಟಿ, ಆ ಪಟ್ಟಿಗೆ ತಕ್ಕಂತೆ ಪ್ರಾತಿನಿಧ್ಯ ಎಂಬುದು ಹೊಸದೇ ಎಂದು ನನಗನ್ನಿಸುತ್ತದೆ.

ಕರ್ನಾಟಕಕ್ಕೂ ಇದರ ಬಿಸಿ ತಟ್ಟಿದೆ. 2018ರಲ್ಲಿ ರಾಜ್ಯ ಸರ್ಕಾರ ಲಿಂಗಾಯತಕ್ಕೆ ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆ ಕೋರಿದಾಗ ಕೇಂದ್ರ ಒಪ್ಪಲಿಲ್ಲ. ಅತ್ತ ಜಾರ್ಖಂಡ್ ವಿಧಾನಸಭೆ 2020ರ ನವೆಂಬರ್ 11ರಂದು ಸರ್ನಾಕ್ಕೆ ಪ್ರತ್ಯೇಕ ಸಂಕೇತ ಕೇಳಿ ನಿರ್ಣಯ ಅಂಗೀಕರಿಸಿತು.

ಮುಂದಿನ ಜನಗಣತಿಗೆ ದೇಶದ ಬಹುಭಾಗದಲ್ಲಿ 2027ರ ಮಾರ್ಚ್ 1 ಆಧಾರ ದಿನಾಂಕವೆಂದು ಪ್ರಕಟವಾಗಿದೆ. ಗಣತಿದಾರರು ನಿಮ್ಮ ಮನೆಗೆ ಬಂದಾಗ ಧರ್ಮದ ಅಂಕಣವನ್ನು ಅವರೇ ಊಹಿಸಿ ತುಂಬಲು ಬಿಡಬೇಡಿ. ಕೇಳಲಿ, ನೀವು ಹೇಳಿ, ಹೇಳಿದ್ದನ್ನೇ ಬರೆದಿದ್ದಾರೆಯೇ ಎಂದು ನೋಡಿಕೊಳ್ಳಿ.