ತರಬೇತಿ ನೋಂದಣಿ ಹಾಳೆ: ಆಸನ ಮಿತಿ, ನಿರೀಕ್ಷಣಾ ಪಟ್ಟಿ ಮತ್ತು ಖಚಿತತೆಯ ನಿರ್ವಹಣೆ

ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ನಡೆಯುವ ಪ್ರಾತ್ಯಕ್ಷಿಕೆ ಸಹಿತ ತರಬೇತಿಗಳಿಗೆ ಆಸನಗಳು ಸೀಮಿತವಾಗಿರುತ್ತವೆ. ಚಿಪ್ಪು ಅಣಬೆ ಬೇಸಾಯದ ತರಬೇತಿಯನ್ನೇ ತೆಗೆದುಕೊಳ್ಳಿ. ಪ್ರತಿಯೊಬ್ಬ ಶಿಬಿರಾರ್ಥಿಯೂ ತನ್ನ ಕೈಯಿಂದಲೇ ಭತ್ತದ ಹುಲ್ಲು ಮತ್ತು ಅಣಬೆ ಬೀಜವನ್ನು ಚೀಲಕ್ಕೆ ತುಂಬಬೇಕು. ಬೀಜ ಸಿದ್ಧವಾಗಲು ಎರಡರಿಂದ ಮೂರು ವಾರ ಬೇಕಾಗುವುದರಿಂದ ಬೇಡಿಕೆಯನ್ನು ಮೊದಲೇ ಸಲ್ಲಿಸಬೇಕು. ಹುಲ್ಲನ್ನು ಹಿಂದಿನ ಸಂಜೆಯೇ ನೆನೆಸಬೇಕು. 25 ಜನರ ಸಿದ್ಧತೆಗೆ 40 ಜನ ಬಂದರೆ ಉಳಿದವರು ನಿಂತು ನೋಡಿ ಹಿಂದಿರುಗುತ್ತಾರೆ. ಅವರ ಒಂದು ದಿನದ ಕೂಲಿ ಮತ್ತು ಬಸ್ಸಿನ ಹಣ ವ್ಯರ್ಥ. 15 ಜನ ಮಾತ್ರ ಬಂದರೆ, ಅವಕಾಶ ಸಿಗದೆ ಮನೆಯಲ್ಲುಳಿದ ಹತ್ತು ರೈತರಿಗೆ ಅನ್ಯಾಯ. ಈ ಎರಡೂ ಸ್ಥಿತಿಗಳನ್ನು ತಪ್ಪಿಸಲು ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್‌ನಲ್ಲಿ ಸಿದ್ಧಪಡಿಸಬಹುದಾದ ಸರಳ ನೋಂದಣಿ ಹಾಳೆಯನ್ನು ಇಲ್ಲಿ ವಿವರಿಸಲಾಗಿದೆ.

ಹಾಳೆಯ ರಚನೆ

ಒಂದು ತರಬೇತಿಗೆ ಒಂದು ಹಾಳೆ ಇರಲಿ. B1 ಕೋಶದಲ್ಲಿ ಆಸನಗಳ ಸಂಖ್ಯೆಯನ್ನು, ಅಂದರೆ 25 ಎಂದು ನಮೂದಿಸಿ. ಮೂರನೆಯ ಸಾಲಿನಲ್ಲಿ ಶೀರ್ಷಿಕೆಗಳು ಬರುತ್ತವೆ: A ಕಾಲಂನಲ್ಲಿ ಕ್ರಮಸಂಖ್ಯೆ, B ಯಲ್ಲಿ ಹೆಸರು, C ಯಲ್ಲಿ ಗ್ರಾಮ, D ಯಲ್ಲಿ ಮೊಬೈಲ್, E ಯಲ್ಲಿ ರೈತರ ಉತ್ತರ, F ನಲ್ಲಿ ಸರದಿ, G ಯಲ್ಲಿ ಸ್ಥಿತಿ. ನಾಲ್ಕನೆಯ ಸಾಲಿನಿಂದ ಹೆಸರುಗಳು ಆರಂಭವಾಗುತ್ತವೆ. A ಯಿಂದ E ವರೆಗೆ ಸಿಬ್ಬಂದಿ ತುಂಬಬೇಕು. F ಮತ್ತು G ಗಳನ್ನು ಸೂತ್ರವೇ ತುಂಬುತ್ತದೆ.

F4 ಕೋಶದ ಸೂತ್ರ:

```
=IF(OR(A4="",E4="ರದ್ದು"),"",COUNTIFS(A$4:A$203,"<="&A4,E$4:E$203,"<>ರದ್ದು"))
```

G4 ಕೋಶದ ಸೂತ್ರ:

```
=IF(A4="","",IF(E4="ರದ್ದು","ರದ್ದು",IF(F4>$B$1,"ನಿರೀಕ್ಷಣೆ "&(F4-$B$1),IF(E4="ಒಪ್ಪಿದೆ","ಖಚಿತ","ಒಪ್ಪಿಗೆ ಬಾಕಿ"))))
```

ಎರಡನ್ನೂ 203ನೆಯ ಸಾಲಿನವರೆಗೆ ಎಳೆಯಿರಿ. ಮೊದಲ ಸೂತ್ರವು ಒಬ್ಬ ರೈತರಿಗಿಂತ ಮೊದಲು ಹೆಸರು ಕೊಟ್ಟು ಇನ್ನೂ ರದ್ದುಪಡಿಸದವರನ್ನು ಅವರನ್ನೂ ಸೇರಿಸಿ ಎಣಿಸುತ್ತದೆ. ಎರಡನೆಯದು ಆ ಎಣಿಕೆಯನ್ನು ಆಸನಗಳ ಸಂಖ್ಯೆಯೊಂದಿಗೆ ಹೋಲಿಸುತ್ತದೆ. ಎಣಿಕೆಯು ಸಾಲಿನ ಸ್ಥಾನವನ್ನಲ್ಲ, ಕ್ರಮಸಂಖ್ಯೆಯನ್ನು ಅವಲಂಬಿಸಿರುವುದರಿಂದ, ಯಾರಾದರೂ ಪಟ್ಟಿಯನ್ನು ಗ್ರಾಮವಾರು ಜೋಡಿಸಿದರೂ ಸರದಿ ಕೆಡುವುದಿಲ್ಲ.

E ಕಾಲಂನಲ್ಲಿ ಕೈಬರಹದಂತೆ ಏನನ್ನೂ ಬರೆಯಲು ಬಿಡಬಾರದು. Data > Data validation ಮೂಲಕ "ಒಪ್ಪಿದೆ" ಮತ್ತು "ರದ್ದು" ಎಂಬ ಎರಡೇ ಆಯ್ಕೆಗಳನ್ನು ಕೊಡಿ. ಒಬ್ಬರು "ರದ್ದು" ಎಂದೂ ಮತ್ತೊಬ್ಬರು "ರದ್ದಾಗಿದೆ" ಎಂದೂ ಬರೆದರೆ ಸೂತ್ರಕ್ಕೆ ಎರಡನೆಯದು ರದ್ದಲ್ಲ. ನಮ್ಮ ಕಚೇರಿಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ವಿಧಾನದಲ್ಲಿ ಟೈಪಿಸಿದ ಪದ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದೊಳಗೆ ಇಂಗ್ಲಿಷ್ ಅಕ್ಷರಗಳಾಗಿ ಉಳಿದಿರುತ್ತದೆ. ಆ ಕೋಶದ ಫಾಂಟನ್ನು ಬದಲಿಸಿ ನೋಡಿ. ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಅದು ಆಸ್ಕಿ. ಯೂನಿಕೋಡ್‌ನಲ್ಲೇ ಟೈಪಿಸಬೇಕು.

ಒಂದು ಉದಾಹರಣೆ

25 ಆಸನಗಳಿಗೆ 31 ಹೆಸರುಗಳು ಬಂದಿವೆ ಎಂದುಕೊಳ್ಳಿ. ಕ್ರಮಸಂಖ್ಯೆ 1ರಿಂದ 25ರವರೆಗಿನವರಿಗೆ "ಒಪ್ಪಿಗೆ ಬಾಕಿ" ಎಂದು ಬರುತ್ತದೆ. 26ರಿಂದ 31ರವರೆಗಿನವರಿಗೆ "ನಿರೀಕ್ಷಣೆ 1"ರಿಂದ "ನಿರೀಕ್ಷಣೆ 6". ಮೊದಲ 25 ಜನರಿಗೆ ದೂರವಾಣಿ ಮಾಡಿ, ಬರುತ್ತೇವೆ ಎಂದವರ ಮುಂದೆ "ಒಪ್ಪಿದೆ" ಎಂದು ಆರಿಸಿದಾಗ ಅವರ ಸ್ಥಿತಿ "ಖಚಿತ" ಎಂದಾಗುತ್ತದೆ. ನಿರೀಕ್ಷಣೆಯಲ್ಲಿರುವವರು ಬರಲು ಸಿದ್ಧರಿದ್ದರೂ, ಆಸನ ಸಿಗುವವರೆಗೆ ಅವರ ಉತ್ತರದ ಕೋಶ ಖಾಲಿಯಾಗಿಯೇ ಇರಬೇಕು.

ಈಗ 7ನೆಯವರು ಮಗಳ ನಿಶ್ಚಿತಾರ್ಥದ ಕಾರಣ ಬರಲಾಗುವುದಿಲ್ಲ ಎನ್ನುತ್ತಾರೆ. ಅವರ ಮುಂದೆ "ರದ್ದು" ಎಂದು ಆರಿಸಿದ ಕ್ಷಣವೇ 26ನೆಯವರ ಸರದಿ 25 ಆಗಿ, ಸ್ಥಿತಿ "ಒಪ್ಪಿಗೆ ಬಾಕಿ" ಎಂದು ಬದಲಾಗುತ್ತದೆ. 27ನೆಯವರು "ನಿರೀಕ್ಷಣೆ 1"ಕ್ಕೆ ಏರುತ್ತಾರೆ. ಹಾಳೆ ತನ್ನ ಕೆಲಸ ಮುಗಿಸಿತು. ಆದರೆ 26ನೆಯ ರೈತರಿಗೆ ಇದು ತಿಳಿದಿಲ್ಲ! ಹಾಳೆ ಯಾರಿಗೂ ಕರೆ ಮಾಡುವುದಿಲ್ಲ. ಆಸನ ದೊರೆತದ್ದನ್ನೂ ರೈತರು ಒಪ್ಪಿದ್ದನ್ನೂ ಬೇರೆ ಬೇರೆ ಪದಗಳಿಂದ ಗುರುತಿಸಿರುವುದು ಇದೇ ಕಾರಣಕ್ಕೆ. ಸಿಬ್ಬಂದಿ ಪ್ರತಿದಿನ ಬೆಳಿಗ್ಗೆ G ಕಾಲಂನಲ್ಲಿ "ಒಪ್ಪಿಗೆ ಬಾಕಿ" ಇರುವವರನ್ನು ಮಾತ್ರ ಸೋಸಿ ತೆಗೆದು ಕರೆ ಮಾಡಬೇಕು.

26ನೆಯವರು ಒಪ್ಪಿ, ಖಚಿತರಾದರು. ಎರಡು ದಿನಗಳ ನಂತರ 7ನೆಯವರು ಮತ್ತೆ ಕರೆ ಮಾಡಿ, ನಿಶ್ಚಿತಾರ್ಥ ಮುಂದೆ ಹೋಗಿದೆ, ಬರುತ್ತೇನೆ ಎನ್ನುತ್ತಾರೆ. ಇಲ್ಲಿ ಬಹಳ ಎಚ್ಚರ ಬೇಕು. "ರದ್ದು" ಎಂಬುದನ್ನು ಅಳಿಸಿದರೆ ಅವರು ಏಳನೆಯ ಸರದಿಗೆ ಮರಳುತ್ತಾರೆ, 26ನೆಯವರು ಸದ್ದಿಲ್ಲದೆ "ನಿರೀಕ್ಷಣೆ 1"ಕ್ಕೆ ಜಾರುತ್ತಾರೆ. ಖಚಿತ ಎಂದು ಕೇಳಿಸಿಕೊಂಡ ರೈತರು ತರಬೇತಿಯ ದಿನ ಬಂದು ನಿಲ್ಲುತ್ತಾರೆ. ಆದ್ದರಿಂದ ರದ್ದಾದ ಸಾಲನ್ನು ಎಂದಿಗೂ ತಿದ್ದಬಾರದು. ಮರಳಿ ಬಂದವರಿಗೆ ಹೊಸ ಸಾಲಿನಲ್ಲಿ ಹೊಸ ಕ್ರಮಸಂಖ್ಯೆ, ಇಲ್ಲಿ 32, ಕೊಡಬೇಕು. ಅವರು "ನಿರೀಕ್ಷಣೆ 6" ಆಗುತ್ತಾರೆ. ಇದು ಕಠಿಣವೆನಿಸಬಹುದು, ಆದರೆ ನಡುವೆ ಒಪ್ಪಿದವರ ಹಕ್ಕು ಹಿರಿದು. ಆಸನಗಳ ಸಂಖ್ಯೆಯನ್ನು 25ರಿಂದ 20ಕ್ಕೆ ಇಳಿಸಿದರೂ ಇದೇ ತೊಂದರೆಯಾಗುತ್ತದೆ. ಇದನ್ನು ಪತ್ತೆಹಚ್ಚಲು Format > Conditional formatting ನಲ್ಲಿ ಈ ಸೂತ್ರ ಕೊಟ್ಟು ಸಾಲಿಗೆ ಕೆಂಪು ಬಣ್ಣ ಬರುವಂತೆ ಮಾಡಿ:

```
=AND($E4="ಒಪ್ಪಿದೆ",$F4>$B$1)
```

ಕೆಂಪು ಸಾಲು ಕಂಡರೆ ಮಾತು ಕೊಟ್ಟ ಆಸನವೊಂದು ಕೈತಪ್ಪಿದೆ ಎಂದರ್ಥ.

ಇತರ ದೋಷಗಳು

ಇಬ್ಬರು ಸಿಬ್ಬಂದಿ ಏಕಕಾಲಕ್ಕೆ ಹೆಸರು ಬರೆದುಕೊಂಡು ಇಬ್ಬರು ರೈತರಿಗೂ 25 ಎಂಬ ಕ್ರಮಸಂಖ್ಯೆ ಕೊಟ್ಟರೆ, ಇಬ್ಬರ ಸರದಿಯೂ 26 ಆಗುತ್ತದೆ. ಇಬ್ಬರೂ "ನಿರೀಕ್ಷಣೆ 1" ಎನಿಸಿಕೊಂಡು, 25ನೆಯ ಆಸನ ಯಾರಿಗೂ ಸಿಗದೆ ಉಳಿಯುತ್ತದೆ. ನಿರೀಕ್ಷಣೆಯಲ್ಲಿ ಜನರಿದ್ದೂ "ಖಚಿತ" ಮತ್ತು "ಒಪ್ಪಿಗೆ ಬಾಕಿ" ಇರುವವರ ಮೊತ್ತ 25ಕ್ಕೆ ಮುಟ್ಟದಿದ್ದರೆ ಮೊದಲು ಇದನ್ನೇ ಪರಿಶೀಲಿಸಿ. ಮೊಬೈಲ್ ಸಂಖ್ಯೆ ಎರಡು ಬಾರಿ ಬಂದ ಮಾತ್ರಕ್ಕೆ ಒಂದು ಹೆಸರನ್ನು ತೆಗೆಯಬೇಡಿ. ಅತ್ತೆ, ಸೊಸೆ ಇಬ್ಬರೂ ಮನೆಯ ಒಂದೇ ದೂರವಾಣಿಯನ್ನು ಕೊಟ್ಟಿರಬಹುದು.

ಕಾಲಮಿತಿ

ಒಪ್ಪಿಗೆ ತಿಳಿಸಲು ತರಬೇತಿಗೆ ಮೂರು ದಿನ ಮೊದಲಿನ ಸಂಜೆಯನ್ನು ಗಡುವಾಗಿಡುವುದು ಸೂಕ್ತ. ಅದರ ಬಳಿಕವೂ ಉತ್ತರಿಸದವರನ್ನು ರದ್ದುಪಡಿಸಿ, ನಿರೀಕ್ಷಣೆಯಲ್ಲಿರುವವರನ್ನು ಕರೆಯಬೇಕು. ಗಡುವನ್ನು ಹೆಸರು ಬರೆದುಕೊಳ್ಳುವಾಗಲೇ ರೈತರಿಗೆ ತಿಳಿಸಿರಬೇಕು. ಹಿಂದಿನ ದಿನ ತೆರವಾದ ಆಸನಕ್ಕೆ ದೂರದ ಊರಿನವರನ್ನು ಅವಸರದಿಂದ ಕರೆಸುವುದಕ್ಕಿಂತ, ಸರದಿಯಲ್ಲಿರುವ ಸಮೀಪದ ಗ್ರಾಮದವರನ್ನು ಕೇಳುವುದು ಲೇಸು. ಕೆಲವರು ಹೇಗೂ ಬರುವುದಿಲ್ಲವೆಂದು B1ರಲ್ಲಿ 30 ಎಂದು ಬರೆಯುವ ರೂಢಿ ಉಪನ್ಯಾಸಗಳಿಗೆ ನಡೆದೀತು. ಪ್ರತಿಯೊಬ್ಬರೂ ಚೀಲ ತುಂಬಬೇಕಾದ ತರಬೇತಿಗೆ ಸಲ್ಲದು. ಕ್ಷೇತ್ರೋತ್ಸವಕ್ಕಂತೂ ಈ ಹಾಳೆಯ ಅಗತ್ಯವೇ ಇಲ್ಲ.

ರೈತ ಬಾಂಧವರು ಹೆಸರು ನೋಂದಾಯಿಸಿದಾಗ ತಮ್ಮ ಕ್ರಮಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಹೆಸರು ಬರೆದುಕೊಂಡಿದ್ದೇವೆ ಎಂಬ ಮಾತು ಖಚಿತತೆಯಲ್ಲ. "ನಿರೀಕ್ಷಣೆ 2" ಎಂದು ತಿಳಿಸಿದ್ದರೆ ಕೇಂದ್ರದಿಂದ ಕರೆ ಬರುವವರೆಗೆ ಹೊರಡಬಾರದು. ಬರಲಾಗದಿದ್ದರೆ ಅದೇ ಕ್ರಮಸಂಖ್ಯೆ ಹೇಳಿ ಗಡುವಿನೊಳಗೆ ರದ್ದುಪಡಿಸಬೇಕು. ತರಬೇತಿಯ ಬೆಳಿಗ್ಗೆ ಸಿಬ್ಬಂದಿ "ಖಚಿತ" ಇರುವ ಸಾಲುಗಳನ್ನು ಮಾತ್ರ ಮುದ್ರಿಸಿ, ಅದರ ಮೇಲೆಯೇ ಹಾಜರಿಯ ಸಹಿ ಪಡೆಯಬೇಕು.