ಅನುಮಾನದ ಗೆರೆ ಎಲ್ಲಿರಬೇಕು? ಶಾಲೆಗಳಲ್ಲಿ ಕೃತಕ ಬುದ್ಧಿಮತ್ತೆ ಪತ್ತೆ ತಂತ್ರಾಂಶದ ಮಿತಿಯನ್ನು ನಿಗದಿಪಡಿಸುವ ಪ್ರಶ್ನೆ

ವಿದ್ಯಾರ್ಥಿಯ ಪ್ರಬಂಧವನ್ನು ಯಂತ್ರ ಬರೆದಿದೆಯೇ ಎಂದು ಊಹಿಸುವ ತಂತ್ರಾಂಶಗಳು ಪ್ರತಿ ಬರಹಕ್ಕೂ ಒಂದು ಅಂಕ ಕೊಡುತ್ತವೆ. ಎಷ್ಟು ಅಂಕ ದಾಟಿದರೆ ಅನುಮಾನಿಸಬೇಕು ಎಂಬ ಮಿತಿಯನ್ನು ಯಾರೋ ನಿಗದಿಪಡಿಸಲೇಬೇಕು. ಮಿತಿಯನ್ನು ಇಳಿಸಿದರೆ ಹೆಚ್ಚು ನಕಲುಗಳು ಸಿಗುತ್ತವೆ, ಹೆಚ್ಚು ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಏರಿಸಿದರೆ ಎರಡೂ ಕಡಿಮೆಯಾಗುತ್ತವೆ. ಈ ಮಿತಿಯನ್ನು ತಯಾರಕರ ಮಾತಿನ ಮೇಲೆ ಬಿಡದೆ, ಆಯಾ ಶಾಲೆಯ ಮಕ್ಕಳೇ ಬರೆದುದೆಂದು ಖಚಿತವಿರುವ ಬರಹಗಳ ಮೇಲೆ ಅಳೆದು ನಿರ್ಧರಿಸಬೇಕೆಂಬುದು ಈ ಲೇಖನದ ವಾದ.

2023ರ ಏಪ್ರಿಲ್‌ನಲ್ಲಿ ಟರ್ನಿಟಿನ್ ಸಂಸ್ಥೆ ಇಂಥ ಸೌಲಭ್ಯವನ್ನು ಬಿಡುಗಡೆ ಮಾಡಿದಾಗ, ತಪ್ಪು ಗುರುತುಗಳನ್ನು ಶೇ. 1ಕ್ಕಿಂತ ಕೆಳಗಿಡಲು ಯಂತ್ರಲಿಖಿತ ಬರಹದಲ್ಲಿ ಸುಮಾರು ಶೇ. 15ರಷ್ಟು ಕೈತಪ್ಪಬಹುದು ಎಂದು ಹೇಳಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಈ ಸೌಲಭ್ಯವನ್ನು ನಿಲ್ಲಿಸಿತು. ಹಿಂದಿನ ವರ್ಷ ಅಲ್ಲಿ ಸಲ್ಲಿಕೆಯಾಗಿದ್ದ 75,000 ಬರಹಗಳಿಗೆ ಶೇ. 1ರ ಲೆಕ್ಕ ಹಾಕಿದರೆ ಸುಮಾರು 750 ಬರಹಗಳಿಗೆ ತಪ್ಪು ಗುರುತು ಬೀಳುತ್ತಿತ್ತು.

ಒಂದು ಕಲ್ಪಿತ ಉದಾಹರಣೆಯಿಂದ ಈ ಕೊಡುಕೊಳ್ಳುವಿಕೆ ಸ್ಪಷ್ಟವಾಗುತ್ತದೆ. ಶಾಲೆಯೊಂದಕ್ಕೆ 1,000 ಪ್ರಬಂಧಗಳು ಬಂದಿವೆ; ಅವುಗಳಲ್ಲಿ 20 ಮಾತ್ರ ಯಂತ್ರ ಬರೆದವು ಎಂದುಕೊಳ್ಳೋಣ. ಶೇ. 85ನ್ನು ಹಿಡಿದು ಶೇ. 1ರಷ್ಟು ತಪ್ಪುವ ಮಿತಿಯಲ್ಲಿ 17 ನಕಲುಗಳ ಜೊತೆ ಸುಮಾರು 10 ಪ್ರಾಮಾಣಿಕ ಮಕ್ಕಳ ಮೇಲೂ ಗುರುತು ಬೀಳುತ್ತದೆ. ಅಂದರೆ ಶಿಕ್ಷಕರ ಮೇಜಿಗೆ ಬರುವ 27 ಹೆಸರುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ತಪ್ಪು. ನಕಲು ಅಪರೂಪವಾದಷ್ಟೂ ಈ ಪಾಲು ಹೆಚ್ಚುತ್ತದೆ. ಈಗ ಮಿತಿಯನ್ನು ಇಳಿಸಿ ಶೇ. 95ನ್ನು ಹಿಡಿಯೋಣ, ತಪ್ಪು ಶೇ. 5ಕ್ಕೆ ಏರಲಿ. ಸಿಗುವ ನಕಲುಗಳು 19, ತಪ್ಪು ಗುರುತುಗಳು 49. ಇನ್ನಿಬ್ಬರನ್ನು ಹಿಡಿಯಲು 39 ಮಕ್ಕಳನ್ನು ಹೆಚ್ಚುವರಿಯಾಗಿ ಅನುಮಾನಿಸಿದಂತಾಯಿತು. ಒಟ್ಟು ನಿಖರತೆಯ ಶೇಕಡಾವಾರು ಈ ಸಂಗತಿಯನ್ನು ಮರೆಮಾಡುತ್ತದೆ. ಆದ್ದರಿಂದ ಮಿತಿಯನ್ನು ಒಂದೊಂದು ಹೆಜ್ಜೆ ಸರಿಸಿದಾಗಲೂ ಹೆಚ್ಚುವರಿಯಾಗಿ ಎಷ್ಟು ಮಂದಿ ಸಿಕ್ಕರು, ಎಷ್ಟು ಮಂದಿ ನೊಂದರು ಎಂದು ಕೇಳಬೇಕು.

ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದವರ 91 ಟೋಫೆಲ್ ಪ್ರಬಂಧಗಳನ್ನು ಏಳು ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ತಪ್ಪು ಗುರುತಿನ ಸರಾಸರಿ ಶೇ. 61 ದಾಟಿತು, ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಅದು ತೀರಾ ಕಡಿಮೆಯಿತ್ತು. ಮುಂದಿನ ಪದವನ್ನು ಸುಲಭವಾಗಿ ಊಹಿಸಬಹುದಾದ ಬರಹವನ್ನು ಈ ತಂತ್ರಾಂಶಗಳು ಯಂತ್ರದ್ದೆಂದು ಬಗೆಯುತ್ತಿದ್ದುದೇ ಇದಕ್ಕೆ ಕಾರಣ. ಕನ್ನಡ ಮಾಧ್ಯಮದಲ್ಲಿ ಓದಿ, ಕಲಿತಷ್ಟು ಪದಗಳಲ್ಲಿ ಜಾಗರೂಕತೆಯಿಂದ ಇಂಗ್ಲಿಷ್ ಬರೆಯುವ ಹುಡುಗಿಗೂ ಇದೇ ಅಪಾಯವಿದೆ. ಶೈಲಿ ಪ್ರಬಂಧದಿಂದ ಪ್ರಬಂಧಕ್ಕೆ ಹೆಚ್ಚು ಬದಲಾಗದ ಕಾರಣ, ವರ್ಷವಿಡೀ ಗುರುತು ಅದೇ ಮಗುವಿನ ಮೇಲೆ ಮರಳಿ ಮರಳಿ ಬೀಳಬಹುದು. ಆಗ ಎರಡನೇ ಗುರುತನ್ನು ಮೊದಲನೆಯದಕ್ಕೆ ಸಾಕ್ಷಿಯೆಂದು ಎಣಿಸುವುದು ಘೋರ ಅನ್ಯಾಯ.

ಹಾಗಾದರೆ ಅಳೆಯುವುದು ಹೇಗೆ? ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಅದಕ್ಕೂ ಹಿಂದಿನ ಅಥವಾ ಮೇಲ್ವಿಚಾರಣೆಯಲ್ಲಿ ಬರೆಸಿದ ಪ್ರಬಂಧಗಳನ್ನು ಹೆಸರು ತೆಗೆದು ತಂತ್ರಾಂಶಕ್ಕೆ ಕೊಡಬೇಕು. ಇವುಗಳ ಮೇಲೆ ಬೀಳುವ ಪ್ರತಿ ಗುರುತೂ ತಪ್ಪೇ. 300 ಬರಹಗಳಲ್ಲಿ ಒಂದಕ್ಕೂ ಗುರುತು ಬೀಳದಿದ್ದರೂ ತಪ್ಪಿನ ಪ್ರಮಾಣ ಸೊನ್ನೆ ಎನ್ನುವಂತಿಲ್ಲ, ಅದು ಶೇ. 1ಕ್ಕಿಂತ ಕಡಿಮೆ ಎಂದು ಶೇ. 95ರ ವಿಶ್ವಾಸದಿಂದ ಹೇಳಬಹುದು, ಅಷ್ಟೆ. ಮೂರನ್ನು ಬರಹಗಳ ಸಂಖ್ಯೆಯಿಂದ ಭಾಗಿಸಿದರೆ ಈ ಮೇಲ್ಮಿತಿ ಸಿಗುತ್ತದೆ. ಅವುಗಳಲ್ಲಿ ಇಂಗ್ಲಿಷ್ ಎರಡನೇ ಭಾಷೆಯಾದವರದು 60 ಮಾತ್ರವಿದ್ದರೆ, ಅವರ ಮಟ್ಟಿಗೆ ಈ ಪರೀಕ್ಷೆ ಶೇ. 5ರವರೆಗಿನ ತಪ್ಪನ್ನೂ ತಳ್ಳಿಹಾಕಲಾರದು. ಹಾಗಾಗಿ ಅತಿ ಹೆಚ್ಚು ತಪ್ಪಿಗೆ ಒಳಗಾಗುವ ಗುಂಪನ್ನು ಪ್ರತ್ಯೇಕವಾಗಿ ಅಳೆದು, ಅವರಿಗೆ ಒಪ್ಪುವ ಮಿತಿಯನ್ನೇ ಎಲ್ಲರಿಗೂ ಇಡುವುದು ನ್ಯಾಯ.

ಎಷ್ಟು ತಪ್ಪನ್ನು ಸಹಿಸಬಹುದು ಎಂಬುದು ಗುರುತಿನ ನಂತರ ನಡೆಯುವ ಕ್ರಮವನ್ನು ಅವಲಂಬಿಸಿದೆ. ಒಂದು ಸುಳ್ಳು ಆರೋಪ ಒಂಬತ್ತು ಕೈತಪ್ಪಿದ ನಕಲುಗಳಷ್ಟು ಕೆಟ್ಟದ್ದೆಂದು ಶಾಲೆ ಭಾವಿಸಿದರೆ, ನಕಲು ನಡೆದಿರುವ ಸಂಭವ ಶೇ. 90 ದಾಟಿದಾಗಷ್ಟೇ ಆರೋಪ ಹೊರಿಸಬೇಕು. ಪರದೆಯ ಮೇಲಿನ ಶೇ. 90ಕ್ಕೂ ಈ ಸಂಭವಕ್ಕೂ ಸಂಬಂಧ ಕಲ್ಪಿಸಬಾರದು. ಟರ್ನಿಟಿನ್‌ನಲ್ಲಿ ಆ ಅಂಕ ಬರಹದ ಎಷ್ಟು ಭಾಗ ಯಂತ್ರದ್ದಿರಬಹುದು ಎಂಬ ಅಂದಾಜು. ಮೇಲಿನ 27 ಹೆಸರುಗಳಲ್ಲಿ ಸಂಭವ ಶೇ. 63 ಮಾತ್ರ; ಗುರುತೊಂದನ್ನೇ ನಂಬಿ ಶಿಕ್ಷಿಸಲು ಅದು ಸಾಲದು. ಆದರೆ ಗುರುತಿನಿಂದ ಆಗುವುದು ಕರಡುಗಳನ್ನು ನೋಡಿ, ಶಿಕ್ಷಕರು ಮಗುವಿನೊಡನೆ ಅದೇ ಪ್ರಬಂಧದ ಕುರಿತು ಮಾತಾಡುವುದಷ್ಟೇ ಆಗಿದ್ದರೆ, ತಪ್ಪಿನ ಬೆಲೆ ಇಳಿಯುತ್ತದೆ, ಅದೇ ಮಿತಿ ಒಪ್ಪತಕ್ಕದ್ದಾಗುತ್ತದೆ. ಆದ್ದರಿಂದ ಶಾಲೆ ಮೊದಲು ಈ ಕ್ರಮವನ್ನು ಲಿಖಿತವಾಗಿ ನಿರ್ಧರಿಸಿ, ಆಮೇಲೆ ಮಿತಿಯನ್ನು ಇಡಬೇಕು. ತಂತ್ರಾಂಶದ ಆವೃತ್ತಿ ಬದಲಾದಾಗಲೆಲ್ಲ ಅದೇ ಹಳೆಯ ಪ್ರಬಂಧಗಳ ಮೇಲೆ ಮತ್ತೆ ಅಳೆಯಬೇಕು.